ಮುಂಗಡ ಹಣ ಮರಳಿ ಬರಬೇಕಾದರೆ
ಬೆಂಗಳೂರಿನಲ್ಲಿ ಮೊದಲ ಬಾಡಿಗೆ ಮನೆ ಹಿಡಿಯುವ ಮಕ್ಕಳಿಗೂ ಅವರ ಹಿರಿಯರಿಗೂ

ಓದು ಮುಗಿಸಿ ಉದ್ಯೋಗಕ್ಕೆಂದು ಬೆಂಗಳೂರಿಗೆ ಬರುವ ನಮ್ಮ ಮನೆಗಳ ಮಕ್ಕಳಲ್ಲಿ ಅನೇಕರು ನಗರದ ಪೂರ್ವ ಭಾಗದಲ್ಲಿಯೇ ಮನೆ ಹುಡುಕುತ್ತಾರೆ. ಹಲಸೂರು, ಇಂದಿರಾನಗರಗಳಿಗೆ 2011ರಲ್ಲಿಯೂ ಕೃಷ್ಣರಾಜಪುರಕ್ಕೆ 2023ರಲ್ಲಿಯೂ ಮೆಟ್ರೋ ರೈಲು ಬಂದಿರುವುದರಿಂದ ಕಚೇರಿಗೆ ಹೋಗಿಬರುವುದು ಸುಲಭವಾಗಿದೆ. ಆದರೆ ಮನೆ ಸಿಕ್ಕ ಸಂತೋಷದಲ್ಲಿ ಕರಾರುಪತ್ರವನ್ನು ಓದದೆಯೇ ರುಜು ಹಾಕುವವರು ಬಹಳ. ಮುಂಗಡದ ಹಣವನ್ನು ಸಾಮಾನ್ಯವಾಗಿ ಊರಿನಲ್ಲಿರುವ ತಂದೆತಾಯಿಗಳೇ ಹೊಂದಿಸಿಕೊಡುತ್ತಾರೆ. ಮನೆ ಬಿಡುವ ದಿನ ಆ ಹಣದಲ್ಲಿ ಎಷ್ಟು ಮರಳಿ ಬರುತ್ತದೆ ಎಂಬುದು, ಮನೆ ಹಿಡಿದ ದಿನ ಬರೆದುಕೊಂಡ ನಾಲ್ಕಾರು ಸಾಲುಗಳಿಂದಲೇ ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

ಯಾವ ಕಾನೂನು ಅನ್ವಯಿಸುತ್ತದೆ?

‘ಬಾಡಿಗೆ ಕಾಯ್ದೆ ಇದೆಯಲ್ಲ, ಅದು ಕಾಪಾಡುತ್ತದೆ’ ಎಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಇಂದು ಆ ಮೊತ್ತಕ್ಕೆ ಈ ಬಡಾವಣೆಗಳಲ್ಲಿ ಮನೆ ದೊರೆಯುವುದು ದುರ್ಲಭ. ಆದ್ದರಿಂದ ನಮ್ಮ ಮಕ್ಕಳು ಹಿಡಿಯುವ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಆಧಾರ. ಆ ಅಧಿನಿಯಮವಾದರೋ ಬಹುತೇಕ ವಿಷಯಗಳಲ್ಲಿ ‘ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ’ ಎಂದೇ ಹೇಳುತ್ತದೆ. ಎಂದರೆ, ಕರಾರಿನ ಮಾತೇ ಮೊದಲ ಮಾತು.

ಮುಂಗಡದ ವಿಷಯವೂ ಹಾಗೆಯೇ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ; ಅದು ಕಾನೂನಲ್ಲ. ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆ. ಆದರೆ ಮಾದರಿ ಕಾಯ್ದೆಯು ರಾಜ್ಯಗಳು ಅನುಸರಿಸಲೆಂದು ಮಾಡಿದ್ದು. ತಾನಾಗಿಯೇ ಯಾರನ್ನೂ ಕಟ್ಟಿಹಾಕುವುದಿಲ್ಲ. ಮುಂಗಡವನ್ನು ಇಳಿಸಬೇಕಾದರೆ ಮಾತುಕತೆಯೊಂದೇ ದಾರಿ.

ಹನ್ನೊಂದು ತಿಂಗಳ ಕರಾರು

ಕರಾರುಪತ್ರಗಳಲ್ಲಿ ಹನ್ನೊಂದು ತಿಂಗಳೆಂದೇ ಬರೆಯುವುದಕ್ಕೆ ಕಾರಣವಿದೆ. ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳದ್ದಕ್ಕೆ ಆ ಕಡ್ಡಾಯವಿಲ್ಲ. ನೋಂದಣಿ ಬೇಡವೆಂದ ಮಾತ್ರಕ್ಕೆ ಮುದ್ರಾಂಕ ಶುಲ್ಕವೂ ಬೇಡವೆಂದು ತಿಳಿಯಬಾರದು. ಸರಿಯಾದ ಇ-ಸ್ಟಾಂಪ್ ಕಾಗದವಿಲ್ಲದ ಕರಾರನ್ನು ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತೋರಿಸಬೇಕಾದರೆ, ಬಾಕಿ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡವನ್ನೂ ತೆರಬೇಕಾದೀತು.

ಹನ್ನೊಂದು ತಿಂಗಳು ಮುಗಿದ ಮೇಲೆಯೂ ಹೊಸ ಕರಾರಿಲ್ಲದೆ ವಾಸವನ್ನು ಮುಂದುವರಿಸಿ, ಮಾಲೀಕರು ಬಾಡಿಗೆಯನ್ನು ಸ್ವೀಕರಿಸುತ್ತಿದ್ದರೆ, ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ನೋಟಿಸಿನ ಅವಧಿಯ ಬಗ್ಗೆ ಕರಾರಿನ ಮಾತಿಲ್ಲದಲ್ಲಿ ಕಾನೂನು ಇಬ್ಬರಿಗೂ ಹದಿನೈದು ದಿನಗಳ ಲಿಖಿತ ನೋಟಿಸನ್ನು ವಿಧಿಸುತ್ತದೆ. ಕರಾರಿನಲ್ಲಿ ಎರಡು ತಿಂಗಳೆಂದಿದ್ದರೆ ಎರಡು ತಿಂಗಳೇ ಆಗುತ್ತದೆ. ಅವಧಿಯು ಮಾಲೀಕರಿಗೂ ಬಾಡಿಗೆದಾರರಿಗೂ ಸಮನಾಗಿದೆಯೇ ಎಂಬುದನ್ನು ರುಜು ಹಾಕುವ ಮುನ್ನ ನೋಡಬೇಕು.

ಒಂದು ಲೆಕ್ಕ

ವಿಷಯ ಮನದಟ್ಟಾಗಲು ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಲಸೂರಿನಲ್ಲಿ ತಿಂಗಳಿಗೆ 18,000 ರೂಪಾಯಿ ಬಾಡಿಗೆಯ ಮನೆ. ಐದು ತಿಂಗಳ ಮುಂಗಡ 90,000 ರೂಪಾಯಿ. ಎರಡು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳಲಾಗುವುದು ಎಂದು ಕರಾರಿನಲ್ಲಿದೆ. ಜೂನ್ ಕೊನೆಗೆ ಮನೆ ಬಿಡುತ್ತೇನೆಂದು ಹುಡುಗ ಏಪ್ರಿಲ್ ಕೊನೆಯಲ್ಲಿಯೇ ದೂರವಾಣಿಯಲ್ಲಿ ಹೇಳಿದ. ‘ಆಗಲಪ್ಪ’ ಎಂದರು ಮಾಲೀಕರು. ಬರೆದು ಕೊಟ್ಟದ್ದು ಮಾತ್ರ ಜೂನ್ 1ರಂದು.

ಲೆಕ್ಕದ ದಿನ ಮಾಲೀಕರು ಹೇಳಿದ್ದು ಹೀಗೆ: ಲಿಖಿತ ನೋಟಿಸ್ ಬಂದದ್ದು ಜೂನ್‌ನಲ್ಲಿ, ಆದ್ದರಿಂದ ಜುಲೈ ಬಾಡಿಗೆ 18,000 ಕೊಡಬೇಕು; ಸುಣ್ಣಬಣ್ಣಕ್ಕೆ 18,000; ಒಡೆದ ವಾಷ್‌ಬೇಸಿನ್ನಿಗೂ ಊದಿದ ಬಾಗಿಲಿಗೂ 6,000. ಒಟ್ಟು 42,000 ಕಳೆದು ಹುಡುಗನ ಕೈಗೆ ಬಂದದ್ದು 48,000 ರೂಪಾಯಿ.

ಇದರಲ್ಲಿ ಸುಣ್ಣಬಣ್ಣದ ಹಣ ಅವನು ಒಪ್ಪಿ ರುಜು ಹಾಕಿದ ಮಾತಿನಂತೆ ಹೋಯಿತು. ‘ಆಗುವ ನಿಜವಾದ ಖರ್ಚನ್ನು ರಸೀದಿಯಂತೆ, ಒಂದು ತಿಂಗಳ ಬಾಡಿಗೆಗೆ ಮೀರದಂತೆ’ ಎಂದು ಮೊದಲೇ ಬರೆಸಿದ್ದರೆ ಅದರಲ್ಲಿಯೂ ಉಳಿತಾಯವಾಗುತ್ತಿತ್ತು. ಜುಲೈ ತಿಂಗಳ ಬಾಡಿಗೆ ಹೋದದ್ದು ಬಾಯಿಮಾತನ್ನು ನಂಬಿದ್ದರಿಂದ. ಏಪ್ರಿಲ್‌ನಲ್ಲಿಯೇ ಎರಡು ಸಾಲಿನ ಪತ್ರ ಬರೆದು, ಪ್ರತಿಯ ಮೇಲೆ ಮಾಲೀಕರ ರುಜುವನ್ನು ದಿನಾಂಕ ಸಹಿತ ಪಡೆದಿದ್ದರೆ ಸಾಕಿತ್ತು. ಅವರು ರುಜು ಹಾಕಲು ಹಿಂಜರಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬಹುದಿತ್ತು.

ಇನ್ನು ಬಾಗಿಲು, ಬೇಸಿನ್ನಿನ ವಿಷಯ. ವಾಸದಿಂದ ಸಹಜವಾಗಿ ಆಗುವ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲವೆಂದು ಅಧಿನಿಯಮದ 108ನೆಯ ಪ್ರಕರಣ ಹೇಳುತ್ತದೆ. ಮಳೆಗಾಲದಲ್ಲಿ ಊದಿದ ಬಾಗಿಲು, ಮಾಸಿದ ಗೋಡೆ ಸವಕಳಿಯೇ. ಒಡೆದ ಬೇಸಿನ್ ಅಲ್ಲ. ಆದರೆ ಆ ಬಿರುಕು ಮೊದಲೇ ಇತ್ತೆಂದು ತೋರಿಸಲು ಹುಡುಗನ ಬಳಿ ಏನೂ ಇರಲಿಲ್ಲ. ಸಾಮಾನು ಇಳಿಸುವ ಮುನ್ನವೇ ಗೋಡೆ, ನಲ್ಲಿ, ಬಾಗಿಲು, ಸ್ವಿಚ್ಚು, ವಿದ್ಯುತ್ ಮೀಟರಿನ ಅಂಕಿ ಇವುಗಳ ಛಾಯಾಚಿತ್ರ ತೆಗೆದು ಮಾಲೀಕರಿಗೂ ಕಳುಹಿಸಿ, ಕರಾರಿನ ಜೊತೆಗೆ ಸಾಮಾನುಗಳ ಪಟ್ಟಿಯನ್ನು ಲಗತ್ತಿಸಬೇಕು. ಒಂದು ಪತ್ರ, ಹತ್ತು ಚಿತ್ರಗಳು ಇದ್ದಿದ್ದರೆ 48,000ದ ಬದಲು 72,000 ರೂಪಾಯಿ ಮರಳುತ್ತಿತ್ತು.

ಇನ್ನೆರಡು ಎಚ್ಚರಗಳು

ಮುಂಗಡವನ್ನು ಬ್ಯಾಂಕಿನ ಮೂಲಕ ಮಾಲೀಕರ ಹೆಸರಿಗೇ ಕೊಡಬೇಕು, ಮಧ್ಯವರ್ತಿಯ ಕೈಗಲ್ಲ. ಕರಾರಿಗೆ ರುಜು ಹಾಕುವವರೇ ಮನೆಯ ಒಡೆಯರೆಂಬುದನ್ನು ಆಸ್ತಿ ತೆರಿಗೆಯ ರಸೀದಿಯಿಂದಲೋ ವಿದ್ಯುತ್ ಬಿಲ್ಲಿನಿಂದಲೋ ನೋಡಿಕೊಳ್ಳಬೇಕು. ಬೀಗದ ಕೈ ಒಪ್ಪಿಸಿದ ದಿನವೇ ಮುಂಗಡ ಮರಳಿಸತಕ್ಕದ್ದು, ತಡವಾದರೆ ಇಂತಿಷ್ಟು ಬಡ್ಡಿ ಎಂಬ ಸಾಲನ್ನೂ ಬರೆಸಬೇಕು. ಕೊನೆಯ ತಿಂಗಳುಗಳ ಬಾಡಿಗೆಯನ್ನು ಮುಂಗಡದಲ್ಲಿ ತಾನಾಗಿ ಮುರಿದುಕೊಳ್ಳುವ ರೂಢಿಯೂ ಉಂಟು. ಕರಾರಿನಲ್ಲಿ ಒಪ್ಪಿಗೆಯಿಲ್ಲದೆ ಹಾಗೆ ಮಾಡಿದರೆ ಬಾಡಿಗೆ ಬಾಕಿ ಉಳಿಸಿಕೊಂಡ ತಪ್ಪು ನಮ್ಮ ಮೇಲೆಯೇ ಬರುತ್ತದೆ.

ಎರಡನೆಯದು, ಅವಧಿ ಮುಗಿದಿದ್ದರೂ ಮಾಲೀಕರು ಬಲಾತ್ಕಾರದಿಂದ ಬೀಗ ಹಾಕಿ ಹೊರಗೆ ಕಳುಹಿಸುವಂತಿಲ್ಲ. ಒಪ್ಪದ ಬಾಡಿಗೆದಾರನನ್ನು ತೆರವು ಮಾಡಿಸಲು ನ್ಯಾಯಾಲಯದ ಆದೇಶ ಬೇಕು. ಹಾಗೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ಹಣ ಬಾರದಿದ್ದರೆ

ಮುಂಗಡವನ್ನು ಹಿಡಿದಿಟ್ಟವರಿಗೆ ಮೊದಲು ಲೆಕ್ಕ ಸಹಿತವಾದ ಪತ್ರ, ಬಳಿಕ ವಕೀಲರ ನೋಟಿಸ್ ಕಳುಹಿಸಬೇಕು. ಪೂರ್ವ ಭಾಗದ ವ್ಯಾಜ್ಯಗಳನ್ನು ನೋಡುವ ನ್ಯಾಯಾಲಯಗಳು ಮಹಾತ್ಮ ಗಾಂಧಿ ರಸ್ತೆಯ ಬಳಿಯ ಮೇಯೋ ಹಾಲ್ ಆವರಣದಲ್ಲಿವೆ. ದಾವೆಗೆ ಮೂರು ವರ್ಷಗಳ ಕಾಲಮಿತಿಯಿದೆ. ಆದರೆ ಸಣ್ಣ ಮೊತ್ತಕ್ಕೆ ದಾವೆಯ ಅಲೆದಾಟ ಭಾರವಾದೀತು. ಅಂಥವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು, ದಾವೆಗೆ ಮುನ್ನವೇ ರಾಜಿಗೆ ಯತ್ನಿಸಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ಉಂಟು.

ಮುಂಗಡದ ಹಣ ಕಳುಹಿಸುವ ಹಿರಿಯರು, ಕರಾರಿನ ಕರಡನ್ನು ಮೊದಲು ತಮಗೆ ಕಳುಹಿಸುವಂತೆ ಮಕ್ಕಳಿಗೆ ಹೇಳಲಿ. ಮುಂಗಡ, ನೋಟಿಸ್, ಸುಣ್ಣಬಣ್ಣ ಈ ಮೂರು ಸಾಲುಗಳನ್ನು ಓದಿ, ತಿದ್ದಿಸಬೇಕಾದ್ದನ್ನು ರುಜುವಿಗೆ ಮುನ್ನವೇ ತಿದ್ದಿಸಲಿ.