ಚನ್ನಪಟ್ಟಣದ ಬೊಂಬೆ ಅಸಲಿನಾ? ಗಿಲಕಿಯ ತುದಿ, ಸ್ಪಿರಿಟ್ ಹತ್ತಿ, ಬಿಲ್ ನೋಡಿ

ಚನ್ನಪಟ್ಟಣ: ಬೆಂಗಳೂರು–ಮೈಸೂರು ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ಎರಡು ಹಳದಿ ಗಿಲಕಿ ಅಕ್ಕಪಕ್ಕ ಇಟ್ಟಿದ್ದಾರೆ ಅಂದ್ಕೊಳ್ಳಿ. ಎರಡೂ ಮಿಂಚ್ತಾವೆ, ಎರಡಕ್ಕೂ ‘ಚನ್ನಪಟ್ಟಣ’ ಅಂತ ಚೀಟಿ ಇದೆ. ಒಂದು ಇಲ್ಲೇ ಆಲೆ ಮರದಲ್ಲಿ ತಿರುಗಿಸಿ ಅರಗು ಹಚ್ಚಿದ್ದು, ಇನ್ನೊಂದು ಎಲ್ಲಿಂದಲೋ ಸಗಟಿಗೆ ಬಂದ ಎನಾಮಲ್ ಪೇಂಟಿನದ್ದು. ಬೇರೆ ಮಾಡೋದು ಹೇಗೆ?

ಮೊದಲು ಹೊಳಪು ನೋಡಿ. ಇಲ್ಲಿ ಬಣ್ಣವನ್ನು ಬ್ರಷ್‌ನಲ್ಲಿ ಬಳಿಯಲ್ಲ. ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಲೇತ್‌ನಲ್ಲಿ ತಿರುಗುವ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ, ಆಮೇಲೆ ತಾಳೆಗರಿ ಒತ್ತಿ ಹಿಡಿದು ಹೊಳಪು ತರ್ತಾರೆ. ಹೀಗಾಗಿ ಅರಗು ಕೂರೋದು ದುಂಡಗಿನ ಮೈ ಮೇಲೆ ಮಾತ್ರ, ಬಣ್ಣದ ಪಟ್ಟಿಗಳು ಉಂಗುರದ ಹಾಗೆ ಸುತ್ತ ಒಂದೇ ಸಮ ಇರ್ತವೆ. ರೈಲಿನ ಚಪ್ಪಟೆ ತಳ, ಚೌಕದ ಡಬ್ಬಿಗೆಲ್ಲ ಲೇತ್‌ನ ಅರಗು ಹತ್ತಲ್ಲ, ಅವಕ್ಕೆ ಬೇರೆ ಬಣ್ಣ ಹಚ್ಚಿರ್ತಾರೆ. ಅದು ನಕಲಿ ಅಂತಲ್ಲ, ಆದ್ರೆ ‘ಪೂರ್ತಿ ಅರಗಿನದ್ದು’ ಅಂತ ಯಾರಾದ್ರೂ ಮಾರಿದ್ರೆ ಸುಳ್ಳು. ಪೇಂಟ್ ಆದ್ರೆ ಸಂದಿಯಲ್ಲಿ ಗಂಟುಕಟ್ಟಿರುತ್ತೆ, ಹನಿ ಇಳಿದ ಗುರುತು ಸಿಗುತ್ತೆ, ಉಗುರಲ್ಲಿ ಕೆರೆದ್ರೆ ಸಿಪ್ಪೆ ಹಾಗೆ ಏಳಬಹುದು.

ಕಣ್ಣಿಗೆ ಗೊತ್ತಾಗಲಿಲ್ಲ ಅಂದ್ರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್‌ಗೆ ಮಾರೋ ಸ್ಪಿರಿಟ್ ತಗೊಳ್ಳಿ. ಹತ್ತಿಯಲ್ಲಿ ಅದ್ದಿ ಗಿಲಕಿಯ ಕಾಣದ ತುದಿಯಲ್ಲಿ ಅರ್ಧ ನಿಮಿಷ ಉಜ್ಜಿ. ಅರಗು ಸ್ಪಿರಿಟ್‌ಗೆ ಕರಗುತ್ತೆ, ಹತ್ತಿ ಬಣ್ಣ ಹೀರುತ್ತೆ, ಬೆರಳಿಗೆ ಅಂಟಂಟು. ಒಣಗಿದ ಎನಾಮಲ್ ಹಾಗೆ ಕರಗಲ್ಲ. ಆ ಜಾಗದ ಹೊಳಪು ಹೋಗುತ್ತೆ, ಆದ್ದರಿಂದ ಸಗಟು ಸರಕಿನಲ್ಲಿ ಒಂದನ್ನು ಪರೀಕ್ಷೆಗೇ ಬಿಟ್ಟುಕೊಳ್ಳೋದು ಒಳ್ಳೇದು.

ಅನೇಕರು ಎಡವೋದು ಇಲ್ಲೇ. ಅರಗು ಅಸಲಿ ಅಂದ ಮಾತ್ರಕ್ಕೆ ಬಣ್ಣ ಸುರಕ್ಷಿತ ಅಂತ ಆಗಲ್ಲ. ಅರಿಶಿನವನ್ನೂ ಅರಗಿಗೆ ಬೆರೆಸಬಹುದು, ಸೀಸ ಇರುವ ಹಳದಿ ಪುಡಿಯನ್ನೂ ಬೆರೆಸಬಹುದು. ಗಿಲಕಿ ಸೀದಾ ಮಗುವಿನ ಬಾಯಿಗೆ ಹೋಗೋ ವಸ್ತು, ಸೀಸ ಎಳೆ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತೆ. ಕಡು ಹಳದಿ, ಕಿತ್ತಳೆ, ಕೆಂಪಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅರಗಿಗೇ ಸ್ವಲ್ಪ ಕಂದು ಛಾಯೆ ಇರೋದ್ರಿಂದ ಗಿಡಮೂಲದ ಬಣ್ಣ ಸ್ವಲ್ಪ ಮಂಕಾಗಿ, ಮಾಗಿದ ಹಾಗೆ ಕಾಣುತ್ತೆ. ಅರಿಶಿನದ್ದಾದ್ರೆ ಬಿಸಿಲಿಗಿಟ್ಟರೆ ಮಾಸುತ್ತೆ. ಅಂಗಡಿ ಮುಂದಿನ ಸಾಲಲ್ಲಿ ತಿಂಗಳುಗಟ್ಟಲೆ ಬಿಸಿಲು ತಿಂದರೂ ಬಣ್ಣ ಕಣ್ಣು ಕುಕ್ತಾ ಇದ್ರೆ ಅನುಮಾನ ಪಡಿ.

ಹಳದಿಗೆ ಇನ್ನೊಂದು ಪರೀಕ್ಷೆ ಇದೆ. ಅರಿಶಿನಕ್ಕೆ ಸುಣ್ಣ ಸೇರಿಸಿದ್ರೆ ಆರತಿಯ ಕೆಂಪು ನೀರಾಗೋದು ಎಲ್ಲರ ಮನೆಯಲ್ಲೂ ಗೊತ್ತು. ಸ್ಪಿರಿಟ್ ಹತ್ತಿಗೆ ಹತ್ತಿದ ಹಳದಿ ಮೇಲೆ ಒಂದು ತೊಟ್ಟು ಸುಣ್ಣದ ತಿಳಿ ಬಿಡಿ. ಕೆಂಪಿಗೆ ತಿರುಗಲೇ ಇಲ್ಲ ಅಂದ್ರೆ ಅದು ಅರಿಶಿನ ಅಲ್ಲ. ಆದ್ರೆ ಕೆಂಪಾಯ್ತು ಅಂತ ನಿಶ್ಚಿಂತೆ ಬೇಡ. ಬರೀ ಅರಗಿಗೂ ಸುಣ್ಣ ತಾಕಿದ್ರೆ ಕೆನ್ನೇರಳೆ ಛಾಯೆ ಬರಬಹುದು, ಅರಿಶಿನದ ಜೊತೆ ಬೇರೆ ಪುಡಿ ಕಲಸಿರಲೂಬಹುದು. ಸೀಸ ಇದೆಯೋ ಇಲ್ವೋ ಅನ್ನೋದನ್ನು ಪ್ರಯೋಗಾಲಯ ಮಾತ್ರ ಹೇಳಬಲ್ಲದು. ದೊಡ್ಡ ಆರ್ಡರ್ ತಗೊಳ್ಳೋರು ಐಎಸ್ 9873 ಪ್ರಕಾರದ ಪರೀಕ್ಷಾ ವರದಿ ಕೇಳಿ ಪಡೀಬೇಕು.

ಉಳಿದಿದ್ದು ಗುರುತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಆದ್ರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರೋ ಆಟಿಕೆಗೆ, ಜಿಐ ಅಧಿಕೃತ ಬಳಕೆದಾರರ ಸರಕಿಗೆ ವಿನಾಯ್ತಿ ಇದೆ. ಹಾಗಾಗಿ ಐಎಸ್ಐ ಇಲ್ಲದ ಚನ್ನಪಟ್ಟಣದ ಗಿಲಕಿ ಅಸಲಿ ಇರಬಹುದು. ಐಎಸ್ಐನೂ ಇಲ್ಲ, ಮಾಡಿದವರ ಹೆಸರೂ ಇಲ್ಲ ಅಂದ್ರೆ ಅಂಗಡಿಯವರ ಕೈಯಲ್ಲಿ ಆಧಾರವೇ ಇಲ್ಲ.

ಜಿಐ ಸ್ಟಿಕ್ಕರ್ ಯಾರು ಬೇಕಾದ್ರೂ ಅಚ್ಚು ಹಾಕಿಸಬಹುದು, ಅದನ್ನೊಂದೇ ನಂಬಬೇಡಿ. ಬಿಲ್ಲಿನಲ್ಲಿ ತಯಾರಕರ ಹೆಸರು, ಊರು, ಅಧಿಕೃತ ಬಳಕೆದಾರರ ನೋಂದಣಿ ಸಂಖ್ಯೆ ಬರೆಸಿಕೊಳ್ಳಿ. ಕುಶಲಕರ್ಮಿಯಿಂದ ನೇರ ತಗೊಂಡ್ರೆ ಅವರ ‘ಪೆಹಚಾನ್’ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಸುಳ್ಳು ಜಿಐ ಹೆಸರಲ್ಲಿ ಮಾರಿದ್ರೆ 1999ರ ಕಾಯ್ದೆಯಡಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, ₹50 ಸಾವಿರದಿಂದ ₹2 ಲಕ್ಷದವರೆಗೆ ದಂಡಕ್ಕೆ ಅವಕಾಶ ಇದೆ. ಗೊತ್ತಿಲ್ಲದೆ ಮಾರಿದೆ ಅನ್ನೋರು ತಾವು ಎಚ್ಚರ ವಹಿಸಿದ್ದನ್ನು, ಸರಕು ಯಾರಿಂದ ಬಂತು ಅನ್ನೋದನ್ನು ತೋರಿಸಬೇಕಾಗುತ್ತೆ. ಆಗ ಕೆಲಸಕ್ಕೆ ಬರೋದು ಆ ಬಿಲ್ಲೇ.