ಸ್ವರವಿಲ್ಲದೆ ನಿಲ್ಲುವ ‘ನ್’ ಮತ್ತು ‘ಲ್’

ನಾವು ‘ಬಟನ್’ ಅನ್ನುವಾಗ ಟಕಾರದ ಮೇಲೊಂದು ಅಕಾರ, ಆಮೇಲೆ ‘ನ್’. ಇಂಗ್ಲಿಷರು ಸಹಜವಾಗಿ ಮಾತಾಡುವಾಗ ಆ ಜಾಗದಲ್ಲಿ ಸ್ವರವೇ ಇರುವುದಿಲ್ಲ. ಆದರೂ ಪದಕ್ಕೆ ಎರಡು ಉಚ್ಚಾರಾಂಶ. ಎರಡನೆಯದರ ಭಾರವನ್ನು ‘ನ್’ ಒಂದೇ ಹೊರುತ್ತದೆ. ಇದನ್ನು ಆಕ್ಷರಿಕ ವ್ಯಂಜನ ಎನ್ನುತ್ತಾರೆ.

ಇದು ಹೇಗೆ ಸಾಧ್ಯ ಎಂಬುದನ್ನು ‘ರತ್ನ’ ಎಂದು ಹೇಳಿ ನೋಡಿದರೆ ತಿಳಿಯುತ್ತದೆ. ‘ತ್’ಗೆಂದು ಹಲ್ಲಿಗೆ ತಾಗಿದ ನಾಲಿಗೆ ‘ನ’ ಮುಗಿಯುವವರೆಗೆ ಅಲ್ಲಿಂದ ಕದಲುವುದಿಲ್ಲ. ಕಿರುನಾಲಿಗೆಯ ಕಡೆಯ ಮೃದು ಅಂಗುಳು ಇಳಿಯುತ್ತದೆ, ತಡೆದಿದ್ದ ಗಾಳಿ ಮೂಗಿನಿಂದ ಹೊರಬೀಳುತ್ತದೆ. ಈಗ ಕೊನೆಯ ಅಕಾರವನ್ನು ನುಂಗಿ ‘ನ್’ ಅನ್ನು ತುಸು ಎಳೆಯಿರಿ. ಇಂಗ್ಲಿಷಿನ ಬಟನ್ ಮಾಡುವುದು ಹೆಚ್ಚುಕಡಿಮೆ ಇದನ್ನೇ, ಅಲ್ಲಿ ನಾಲಿಗೆ ತಾಗುವುದು ಹಲ್ಲಿನ ಹಿಂದಿನ ಒಸಡಿಗೆ.

ಬಾಟಲಿಯ ಇಂಗ್ಲಿಷ್ ರೂಪದಲ್ಲಿ ಗಾಳಿಯ ದಾರಿ ಬೇರೆ. ನಾಲಿಗೆಯ ತುದಿ ಒಸಡಿಗೆ ಅಂಟಿಕೊಂಡೇ ಇರುತ್ತದೆ, ಎರಡು ಅಂಚುಗಳು ಮಾತ್ರ ಕುಸಿದು ಪಕ್ಕದಿಂದ ಗಾಳಿ ಬಿಡುತ್ತವೆ. ನಮ್ಮ ಆಡುಮಾತಿನ ‘ಬಾಟ್ಲಿ’ ಕೊನೆಗೊಂದು ಇಕಾರ ಸೇರಿಸಿಕೊಂಡು ‘ಲ್’ನ ಭಾರ ಇಳಿಸಿಬಿಟ್ಟಿದೆ!

ಹಾಗಾದರೆ ‘ಶ್ವಾ’ ಬಂದರೆ ಏನಾಗುತ್ತದೆ? ಶ್ವಾ ಎಂದರೆ ನಿಘಂಟುಗಳಲ್ಲಿ ತಲೆಕೆಳಗಾದ ‘ಇ’ ಅಕ್ಷರದಿಂದ ತೋರಿಸುವ, ಅರೆಬರೆ ಅಕಾರದಂಥ ಮೊಟಕು ಸ್ವರ. ಅದಕ್ಕಾಗಿ ನಾಲಿಗೆ ಒಸಡನ್ನು ಬಿಟ್ಟು, ಕ್ಷಣಕಾಲ ಬಾಯಿಂದ ದನಿ ಹೊರಡಿಸಿ, ಮತ್ತೆ ಅದೇ ಜಾಗಕ್ಕೆ ಮರಳಬೇಕು. ಪರೀಕ್ಷೆ ಸುಲಭ: ಮೂಗು ಮುಚ್ಚಿಕೊಂಡು ಬಟನ್ ಎನ್ನಿ. ಶ್ವಾ ಇದ್ದರೆ ‘ಬಟ’ ಎಂಬಷ್ಟು ಕೇಳಿ ನಂತರ ಉಸಿರು ಕಟ್ಟುತ್ತದೆ. ಇಲ್ಲದಿದ್ದರೆ ಮೊದಲ ಉಚ್ಚಾರಾಂಶದ ಬೆನ್ನಿಗೇ ಕಟ್ಟುತ್ತದೆ.

ಕನ್ನಡಿಗರಿಗೆ ಸ್ವರ ನುಸುಳುವುದಕ್ಕೆ ಲಿಪಿಯೊಂದೇ ಕಾರಣವಲ್ಲ. ನಮ್ಮ ‘ಟ’ ನಾಲಿಗೆ ಮಡಿಸಿ ಹೇಳುವ ಮೂರ್ಧನ್ಯ, ‘ನ’ ಅದಕ್ಕಿಂತ ಮುಂದೆ ಹುಟ್ಟುತ್ತದೆ. ಜಾಗ ಬದಲಿಸಲು ನಾಲಿಗೆ ಏಳಲೇಬೇಕು, ಎದ್ದಾಗ ಸ್ವರಕ್ಕೆ ಬಾಗಿಲು ತೆರೆಯುತ್ತದೆ. ವ್ಯಂಜನದ ಗುಣವಿರುವ ಧ್ವನಿ ಸ್ವರದ ಕೆಲಸ ಮಾಡುವುದು ನಮ್ಮ ವ್ಯಾಕರಣಕ್ಕೆ ಹೊಸತೇನಲ್ಲ. ಪಾಣಿನಿ ‘ಋ’, ‘ಌ’ಗಳನ್ನು ಸ್ವರಗಳ ಸಾಲಿನಲ್ಲೇ ಇಟ್ಟ. ಈಗ ನಾವು ‘ಋ’ವನ್ನೂ ‘ರು’ ಎಂದೇ ಓದುತ್ತೇವೆ, ಅದು ಬೇರೆ ಮಾತು.

ಇಂಗ್ಲಿಷಿನಲ್ಲಿ ಶ್ವಾ ಸೇರಿಸಿದರೆ ಅರ್ಥ ಕೆಡುವುದು ಅಪರೂಪ, ಮಾತು ತುಸು ಬಿಡಿಬಿಡಿಯಾಗಿ ಕೇಳಬಹುದು ಅಷ್ಟೆ. ಎಚ್ಚರ ಬೇಕಾದದ್ದು ಉಚ್ಚಾರಾಂಶಗಳ ಲೆಕ್ಕದಲ್ಲಿ: ಮಿಂಚು ಎಂಬರ್ಥದ ‘ಲೈಟ್ನಿಂಗ್’ಗೆ ಎರಡೇ, ಹಗುರ ಮಾಡುವುದು ಎಂಬರ್ಥದ ‘ಲೈಟನಿಂಗ್’ಗೆ ನಡುವಿನ ‘ನ್’ ಸೇರಿ ಮೂರು. ಇನ್ನು ಎಲ್ಲ ಕಡೆ ಶ್ವಾ ಕಿತ್ತುಹಾಕಲೂ ಹೋಗಬೇಡಿ. ‘ಲೆಮನ್’, ‘ಲಂಡನ್’ ಪದಗಳಲ್ಲಿ ಇಂಗ್ಲಿಷರೂ ಸಾಮಾನ್ಯವಾಗಿ ಅದನ್ನು ಉಳಿಸಿಕೊಳ್ಳುತ್ತಾರೆ.