ಒಂದೇ ಲೇತ್ ಯಂತ್ರಕ್ಕೆ ಎರಡು ಬೆಲೆ

ಪೀಣ್ಯದ ಒಂದು ಸಣ್ಣ ಕಂಪನಿ ಏಪ್ರಿಲ್ ಮೊದಲ ವಾರದಲ್ಲಿ 12 ಲಕ್ಷ ರೂಪಾಯಿಗೆ ಸಿಎನ್‌ಸಿ ಲೇತ್ ಕೊಂಡಿತು ಎಂದಿಟ್ಟುಕೊಳ್ಳಿ. ಐದು ವರ್ಷದ ನಂತರ ಅದರ ಬೆಲೆ ಎಷ್ಟು ಎಂದು ಲೆಕ್ಕಪುಸ್ತಕವನ್ನು ಕೇಳಿದರೆ, ಸವಕಳಿಯನ್ನು ಯಾವ ಪದ್ಧತಿಯಲ್ಲಿ ಕಳೆದಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲನೆಯದು ಸರಳ ರೇಖಾ ಪದ್ಧತಿ. 2013ರ ಕಂಪನಿ ಕಾಯ್ದೆ ಸಾಮಾನ್ಯ ಯಂತ್ರಗಳಿಗೆ 15 ವರ್ಷ ಆಯಸ್ಸು ಹೇಳುತ್ತದೆ. ಕೊನೆಗೆ ಉಳಿಯುವ ಗುಜರಿ ಬೆಲೆ ಸಾಮಾನ್ಯವಾಗಿ ಖರೀದಿ ಬೆಲೆಯ ಶೇ. 5ನ್ನು ಮೀರಬಾರದು. ನಮ್ಮ ಲೇತ್‌ಗೆ ಅದು 60,000 ರೂಪಾಯಿ. ಉಳಿದ 11,40,000 ರೂಪಾಯಿಯನ್ನು 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 76,000. ಐದು ವರ್ಷದಲ್ಲಿ 3,80,000 ಕಳೆದು, ಪುಸ್ತಕ ಮೌಲ್ಯ 8,20,000 ಉಳಿಯುತ್ತದೆ.

ಆದಾಯ ತೆರಿಗೆ ಲೆಕ್ಕದಲ್ಲಿ ಇಂಥ ಯಂತ್ರಕ್ಕೆ ಇಳಿಕೆ ಶಿಲ್ಕಿನ ಪದ್ಧತಿ. ಲೆಕ್ಕಿಗರು ಡಬ್ಲ್ಯುಡಿವಿ ಎನ್ನುತ್ತಾರೆ. ಸಾಮಾನ್ಯ ಯಂತ್ರಗಳಿಗೆ ಶೇ. 15ರ ದರ. ಮೊದಲ ವರ್ಷ 12 ಲಕ್ಷದ ಮೇಲೆ 1,80,000 ಕಳೆದರೆ ಶಿಲ್ಕು 10,20,000. ಎರಡನೇ ವರ್ಷದ ಶೇ. 15 ಈ ಶಿಲ್ಕಿನ ಮೇಲೆ ಮಾತ್ರ, ಅಂದರೆ 1,53,000. ಹೀಗೆ ಇಳಿಯುತ್ತಾ ಐದನೇ ವರ್ಷದ ಕೊನೆಗೆ ಉಳಿಯುವುದು ಸುಮಾರು 5,32,446. ಎರಡು ಪುಸ್ತಕಗಳ ನಡುವೆ 2,87,000 ರೂಪಾಯಿಗೂ ಹೆಚ್ಚು ಅಂತರ!

ಹೊಸಬರು ಎಡವುವುದು ಇಲ್ಲೇ. ಶೇ. 15ನ್ನು ಪ್ರತಿ ವರ್ಷವೂ ಮೂಲ ಬೆಲೆಯ ಮೇಲೆ ಹಾಕುತ್ತಾರೆ, ಇಲ್ಲವೇ ಗುಜರಿ ಬೆಲೆ ಕಳೆದ ಮೇಲೆ ದರ ಹಾಕುತ್ತಾರೆ. ಇಳಿಕೆ ಶಿಲ್ಕಿನ ಲೆಕ್ಕದಲ್ಲಿ ಎರಡು ವರ್ಷದ ಸವಕಳಿ ಒಂದೇ ಮೊತ್ತವಾಗಿ ಕಂಡರೆ ಎಲ್ಲೋ ತಪ್ಪಾಗಿದೆ ಎಂದೇ ತಿಳಿಯಿರಿ. ಇನ್ನೊಂದು ಮಾತು: ಕೊಂಡ ವರ್ಷ ಯಂತ್ರವನ್ನು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ತೆರಿಗೆ ಲೆಕ್ಕದಲ್ಲಿ ಆ ವರ್ಷ ಅರ್ಧ ದರವೇ ಸಿಗುತ್ತದೆ.

ಈ ಅಂತರ ಕೊನೆಯತನಕ ಹೀಗೇ ಇರುವುದಿಲ್ಲ. ಏಳನೇ ವರ್ಷದಲ್ಲಿ ಇಳಿಕೆ ಶಿಲ್ಕಿನ ಸವಕಳಿ 76,000ಕ್ಕಿಂತ ಕೆಳಗಿಳಿದು ಸುಮಾರು 67,900 ಆಗುತ್ತದೆ. ಅಲ್ಲಿಂದ ಎರಡು ಮೌಲ್ಯಗಳೂ ಹತ್ತಿರವಾಗುತ್ತಾ ಬರುತ್ತವೆ. ಹದಿನೈದನೇ ವರ್ಷದ ಕೊನೆಗೆ ಸರಳ ರೇಖೆಯಲ್ಲಿ 60,000 ಉಳಿದರೆ, ಇನ್ನೊಂದರಲ್ಲಿ ಸುಮಾರು 1,05,000 ಉಳಿದಿರುತ್ತದೆ. ಇಳಿಕೆ ಶಿಲ್ಕು ಎಷ್ಟು ವರ್ಷ ಕಳೆದರೂ ಸೊನ್ನೆ ಮುಟ್ಟುವುದಿಲ್ಲ.

ಐದು ವರ್ಷ ತುಂಬಿದ ದಿನ ಲೇತ್ ಅನ್ನು ಆರೂವರೆ ಲಕ್ಷಕ್ಕೆ ಮಾರಿದರು ಎನ್ನೋಣ. ಸರಳ ರೇಖೆಯ ಪುಸ್ತಕ 1,70,000 ರೂಪಾಯಿ ನಷ್ಟ ತೋರಿಸುತ್ತದೆ. ಅದೇ ಕಂಪನಿ ಪುಸ್ತಕದಲ್ಲೂ ಶೇ. 15ರ ಇಳಿಕೆ ಶಿಲ್ಕನ್ನೇ ಬಳಸಿದ್ದರೆ 1,17,000ಕ್ಕೂ ಮೀರಿ ಲಾಭ ಕಾಣುತ್ತಿತ್ತು. ಕೈಗೆ ಬಂದ ಹಣ ಮಾತ್ರ ಒಂದೇ. ಪುಸ್ತಕ ಮೌಲ್ಯವೆಂದರೆ ಕೊಟ್ಟ ಹಣದಲ್ಲಿ ಇನ್ನೂ ಖರ್ಚಿಗೆ ಹಾಕದೆ ಉಳಿದ ಭಾಗವೇ ಹೊರತು ಮಾರುಕಟ್ಟೆಯ ಬೆಲೆಯಲ್ಲ.

ಆದ್ದರಿಂದ ನಡೆಯುತ್ತಿರುವ ವರ್ಕ್‌ಶಾಪ್ ಕೊಳ್ಳಲು ಹೊರಟಿದ್ದರೆ, ಬ್ಯಾಲೆನ್ಸ್ ಶೀಟಿನ ಯಂತ್ರದ ಮೊತ್ತ ನೋಡಿ ಬೆಲೆ ಕಟ್ಟಬೇಡಿ. ಯಾವ ಪದ್ಧತಿ, ಎಷ್ಟು ವರ್ಷದ ಆಯಸ್ಸು ಎಂದು ಮೊದಲು ಕೇಳಿ, ಆಮೇಲೆ ಯಂತ್ರವನ್ನು ಓಡಿಸಿ ನೋಡಿ.